ಬೊಮ್ಮಣ್ಣ ದಂಡನಾಯಕ ಮತ್ತು ತಂಡ

ವರ್ಷಗಟ್ಟಲೆ ದುಡಿದ ಪ್ರಾಜೆಕ್ಟ್ ಲೈವ್ ಆದ ಮರುದಿನ ಲಿಂಕ್ಡ್‌ಇನ್‌ನಲ್ಲಿ ಏನು ಬರುತ್ತದೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ಮೊದಲ ಸಾಲಿನಲ್ಲಿ ಹೆಮ್ಮೆ, ಎರಡನೆಯದರಲ್ಲಿ ರಾಕೆಟ್ಟಿನ ಚಿತ್ರ, ಮೂರನೆಯದರಲ್ಲಿ ‘ಈ ಪಯಣ ಸುಲಭವಿರಲಿಲ್ಲ’ ಎಂಬ ನಿಟ್ಟುಸಿರು, ಕೊನೆಗೆ ‘ಹಗಲಿರುಳು ಶ್ರಮಿಸಿದ ನನ್ನ ಅದ್ಭುತ ತಂಡಕ್ಕೆ ಧನ್ಯವಾದಗಳು’. ಜೊತೆಗೆ ಕೇಕ್ ಕತ್ತರಿಸುವ ಫೋಟೋ. ಹೀಗೆ ಬರೆಯುವುದೇ ಸರಿ ಎಂಬುದು ಇವತ್ತು ಕಚೇರಿಗಳಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ನೋವು, ಎಲ್ಲರ ಹೆಸರು ಹೇಳಲು ಜಾಗವಿಲ್ಲ, ಆದ್ದರಿಂದ ‘ಇಡೀ ತಂಡ’ ಎಂದುಬಿಡುವುದೇ ವಿನಯ, ಅದೇ ನ್ಯಾಯ, ಅದೇ ಕ್ಷೇಮ ಎಂಬುದು ಅದರ ತರ್ಕ. ಕ್ಷೇಮ ಎಂಬುದನ್ನು ಒಪ್ಪುತ್ತೇನೆ. ಉಳಿದೆರಡನ್ನು ಒಪ್ಪಲಾರೆ. ಯಾರ ಹೆಸರೂ ಇಲ್ಲದ ಅಭಿನಂದನೆ ಶ್ರೇಯಸ್ಸನ್ನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ಅದನ್ನು ಬರೆದವರ ಖಾತೆಗೇ ಜಮಾ ಮಾಡುತ್ತದೆ.

ಇದು ಬರೆದವರ ದುರುದ್ದೇಶದ ಮಾತಲ್ಲ, ಆ ತಾಣ ಇರುವ ರೀತಿಯೇ ಹಾಗೆ. ಅಲ್ಲಿ ಪ್ರತಿ ಬರಹದ ನೆತ್ತಿಯ ಮೇಲೆ ಒಬ್ಬರ ಭಾವಚಿತ್ರ, ಹೆಸರು, ಹುದ್ದೆ ಇರುತ್ತವೆ. ಪೂರ್ತಿ ಓದಲು ಒತ್ತಬೇಕಾದ ಗುಂಡಿಗೆ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ, ಆ ಸಾಲುಗಳಲ್ಲಿ ಇರುವುದು ‘ನಾನು’ ಮತ್ತು ‘ಹೆಮ್ಮೆ’. ‘ತಂಡ’ ಎಂಬುದಕ್ಕೆ ಪ್ರೊಫೈಲ್ ಇಲ್ಲ. ಅದರ ಮೇಲೆ ಒತ್ತಿದರೆ ಯಾವ ಪುಟವೂ ತೆರೆಯುವುದಿಲ್ಲ. ಅದನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಯಾರೂ ಬಡ್ತಿ ಕೊಡುವುದಿಲ್ಲ. ಕೆಳಗಿನ ಕಾಮೆಂಟುಗಳನ್ನು ನೋಡಿದರೆ ಶ್ರೇಯ ಎಲ್ಲಿಗೆ ಹೋಯಿತೆಂದು ಲೆಕ್ಕ ಸಿಗುತ್ತದೆ. ‘ಅಭಿನಂದನೆಗಳು ಸರ್’ ಎಂದು ಐವತ್ತು ಜನ ಬರೆದಿರುತ್ತಾರೆ. ಸರ್ ಒಬ್ಬರೇ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ವಿಜ್ಞಾನಿಗಳ ನಡುವೆ ಇದನ್ನು ಗುರುತಿಸಿ ‘ಮ್ಯಾಥ್ಯೂ ಪರಿಣಾಮ’ ಎಂದು ಹೆಸರಿಟ್ಟ. ಇಬ್ಬರು ಸೇರಿ ಮಾಡಿದ ಕೆಲಸದಲ್ಲಿ ಯಾರು ಎಷ್ಟು ಮಾಡಿದರೆಂದು ತಿಳಿಯದಿದ್ದಾಗ, ಮೊದಲೇ ಹೆಸರಾಗಿದ್ದವರ ಕಡೆಗೆ ಶ್ರೇಯ ಹರಿಯುತ್ತದೆ ಎಂಬುದು ಅವನು ಕಂಡದ್ದು. ಇಲ್ಲದವರ ಪಾಲು ಇದ್ದವರಿಗೇ. ಅರ್ಥಶಾಸ್ತ್ರಜ್ಞೆ ಹೆದರ್ ಸಾರ್ಸನ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಚುಚ್ಚುವಂಥದ್ದು. ಅಮೆರಿಕದ ಅರ್ಥಶಾಸ್ತ್ರ ವಿಭಾಗಗಳಲ್ಲಿ ಒಬ್ಬಂಟಿಯಾಗಿ ಬರೆದ ಪ್ರಬಂಧಕ್ಕೆ ಹೆಂಗಸರಿಗೂ ಗಂಡಸರಿಗೂ ಹೆಚ್ಚುಕಡಿಮೆ ಒಂದೇ ಮನ್ನಣೆ; ಗಂಡಸರ ಜೊತೆ ಸೇರಿ ಬರೆದರೆ, ಕಾಯಂ ಹುದ್ದೆಯ ತೀರ್ಮಾನದ ಹೊತ್ತಿಗೆ ಹೆಂಗಸರಿಗೆ ಸಿಗುವ ಮನ್ನಣೆ ಕಡಿಮೆ. ಯಾರು ಏನು ಮಾಡಿದರೆಂದು ಬರೆದಿಡದಿದ್ದರೆ ಓದುವವರು ತಮ್ಮ ಪೂರ್ವಗ್ರಹದಿಂದಲೇ ಆ ಖಾಲಿ ಜಾಗ ತುಂಬಿಕೊಳ್ಳುತ್ತಾರೆ.

ಲಿಂಕ್ಡ್‌ಇನ್ ಹುಟ್ಟುವುದಕ್ಕೆ ಬಹಳ ಮೊದಲೇ ಈ ಖಾಲಿ ಜಾಗ ಹೇಗೆ ತುಂಬಿಹೋಯಿತೆಂಬುದಕ್ಕೆ ಒಂದು ಲಾಂಚ್ ಇದೆ. 1946ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಶಾಲೆಯಲ್ಲಿ ಎನಿಯಾಕ್ ಎಂಬ ವಿದ್ಯುನ್ಮಾನ ಗಣಕಯಂತ್ರವನ್ನು ಲೋಕಕ್ಕೆ ತೋರಿಸಿದರು. ಪ್ರದರ್ಶನದ ಮುಖ್ಯ ಆಕರ್ಷಣೆ ಒಂದು ಗುಂಡಿನ ಹಾದಿಯ ಲೆಕ್ಕ. ಫಿರಂಗಿಯಿಂದ ಹೊರಟ ಗುಂಡು ನೆಲ ಮುಟ್ಟುವುದಕ್ಕೆ ಮುಂಚೆಯೇ ಅದರ ಹಾದಿಯನ್ನು ಯಂತ್ರ ಲೆಕ್ಕ ಹಾಕಿ ಮುಗಿಸಿತು. ಆ ಪ್ರೋಗ್ರಾಂ ಸಿದ್ಧಪಡಿಸಿದವರು ಬೆಟ್ಟಿ ಸ್ನೈಡರ್ ಮತ್ತು ಬೆಟ್ಟಿ ಜೆನ್ನಿಂಗ್ಸ್. ಇವರಿಬ್ಬರೂ ಸೇರಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವರು ಆರು ಜನ ಹೆಂಗಸರು. ಉಳಿದ ನಾಲ್ವರು ಕೇ ಮೆಕ್‌ನಲ್ಟಿ, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರುತ್ ಲಿಕ್ಟರ್‌ಮನ್. ಪ್ರೋಗ್ರಾಂ ಬರೆಯುವುದೆಂದರೆ ಆಗ ಕೀಲಿಮಣೆ ಕುಟ್ಟುವುದಲ್ಲ, ಕೇಬಲ್ಲುಗಳನ್ನು ಒಂದೊಂದಾಗಿ ಜೋಡಿಸುವುದು, ಸ್ವಿಚ್ಚುಗಳನ್ನು ತಿರುಗಿಸಿಡುವುದು. ಪ್ರದರ್ಶನ ಗೆದ್ದಿತು, ರಾತ್ರಿ ಔತಣವಾಯಿತು. ಇವರನ್ನು ಕರೆಯಲಿಲ್ಲ. ಪತ್ರಿಕೆಗಳ ವರದಿಯಲ್ಲಿ ಯಂತ್ರದ ಹೆಸರಿತ್ತು, ಅದನ್ನು ರೂಪಿಸಿದ ಎಂಜಿನಿಯರುಗಳ ಹೆಸರಿತ್ತು. ಈ ಆರು ಜನ ಫೋಟೋಗಳಲ್ಲಿ ಮಾತ್ರ ಉಳಿದರು. ನಲವತ್ತು ವರ್ಷದ ನಂತರ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಆ ಫೋಟೋಗಳಲ್ಲಿರುವವರು ಯಾರೆಂದು ಕೇಳಿದಾಗ ಸಿಕ್ಕ ಉತ್ತರ, ಯಂತ್ರ ಚೆನ್ನಾಗಿ ಕಾಣಲೆಂದು ಪಕ್ಕದಲ್ಲಿ ನಿಲ್ಲಿಸಿದ ಮಾಡೆಲ್‌ಗಳು ಎಂದು. ಗಮನಿಸಿ, ಇವರ ಕೆಲಸವನ್ನು ತನ್ನದೆಂದು ಯಾರೂ ಸುಳ್ಳು ಹೇಳಲಿಲ್ಲ. ಹೆಸರು ಬರೆಯದೆ ಬಿಟ್ಟರು, ಅಷ್ಟೆ. ಕೇಕಿನ ಸುತ್ತ ನಿಂತವರ ಇವತ್ತಿನ ಫೋಟೋಕ್ಕೂ ಅದೇ ಗತಿ.

ಎಲ್ಲರ ಹೆಸರಿಗೆ ಜಾಗವಿಲ್ಲ ಎಂಬ ವಾದವನ್ನು ಬೇಗ ಮುಗಿಸಬಹುದು. ಲಿಂಕ್ಡ್‌ಇನ್ ಬರಹದ ಮಿತಿ 3,000 ಅಕ್ಷರ. ಒಬ್ಬರ ಹೆಸರಿಗೂ ಅವರು ಮಾಡಿದ ಕೆಲಸಕ್ಕೂ ಸೇರಿ 80 ಅಕ್ಷರ ಹಿಡಿದರೆ 25 ಜನಕ್ಕೆ 2,000. ರಾಕೆಟ್ಟಿಗೂ ನಿಟ್ಟುಸಿರಿಗೂ ಇನ್ನೂ ಸಾವಿರ ಉಳಿಯಿತು. ತಂಡ ಅದಕ್ಕಿಂತ ದೊಡ್ಡದಾದರೆ ಪ್ರತಿಯೊಂದು ಉಪತಂಡದ ಮುಖ್ಯಸ್ಥರು ತಮ್ಮವರ ಬಗ್ಗೆ ಬರೆಯಲಿ, ಮೇಲಿನವರು ಅದನ್ನು ಹಂಚಿಕೊಳ್ಳಲಿ.

ಹಾಗಾದರೆ ಮೂವತ್ತು ಹೆಸರನ್ನು ಟ್ಯಾಗ್ ಮಾಡಿಬಿಟ್ಟರೆ ಆಯಿತೇ? ಆಗಲಿಲ್ಲ, ಹೆಸರಿನ ಪರವಾಗಿ ವಾದಿಸುವವರೂ ಎಡವುವುದು ಇಲ್ಲೇ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಸರ್ನ್‌ನ ಎರಡು ಪ್ರಯೋಗ ತಂಡಗಳು ಒಟ್ಟಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ ವಿಷಯಕ್ಕೆ 9, ಹೆಸರು ಮತ್ತು ಸಂಸ್ಥೆಗಳಿಗೆ 24. ಯಾರನ್ನೂ ಬಿಟ್ಟಿಲ್ಲ, ಆದರೆ ಯಾರು ಏನು ಮಾಡಿದರೆಂದು ಆ ಪಟ್ಟಿ ಹೇಳುವುದೂ ಇಲ್ಲ. ನಮ್ಮ ಲಗ್ನಪತ್ರಿಕೆಯ ಕೊನೆಯಲ್ಲಿ ಬರುವ ಆಗಮನಾಭಿಲಾಷಿಗಳ ಪಟ್ಟಿಯಂತೆ ಅದು. ತಮ್ಮ ಹೆಸರಿದೆಯೇ ಎಂದು ಎಲ್ಲರೂ ನೋಡುತ್ತಾರೆ, ಇನ್ನೊಬ್ಬರದನ್ನು ಯಾರೂ ಓದುವುದಿಲ್ಲ. ವಿಜ್ಞಾನ ಪತ್ರಿಕೆಗಳು ಇದಕ್ಕೆ ಕಂಡುಕೊಂಡ ದಾರಿ ಪಾತ್ರಗಳನ್ನು ಬಿಡಿಸಿ ಹೇಳುವುದು. ‘ಕ್ರೆಡಿಟ್’ ಎಂದು ಕರೆಯುವ ಆ ಪಟ್ಟಿಯಲ್ಲಿ 14 ಪಾತ್ರಗಳಿವೆ: ಕಲ್ಪನೆ ಯಾರದು, ದತ್ತಾಂಶವನ್ನು ಸರಿಪಡಿಸಿಟ್ಟವರು ಯಾರು, ಸಾಫ್ಟ್‌ವೇರ್ ಬರೆದವರು ಯಾರು, ಹಣ ತಂದವರು ಯಾರು, ಹೀಗೆ. ಹಣ ತಂದದ್ದೂ ಒಂದು ಕೆಲಸವೇ. ಆದರೆ ಹಣ ತಂದವರೇ ಸಾಫ್ಟ್‌ವೇರನ್ನೂ ಬರೆದಂತೆ ಕಾಣುವುದು ಅಲ್ಲಿ ನಿಲ್ಲುತ್ತದೆ. ಲಾಂಚ್ ಅಭಿನಂದನೆಗೆ ಹದಿನಾಲ್ಕು ವಿಭಾಗ ಬೇಡ. ವಿಶೇಷಣದ ಬದಲು ಕ್ರಿಯಾಪದ ಬಳಸಿದರೆ ಸಾಕು. ‘ಅದ್ಭುತ ಪ್ರತಿಭೆ’ ಎಂದರೆ ಏನೂ ತಿಳಿಯುವುದಿಲ್ಲ. ‘ಹಳೆಯ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದರು’ ಎಂದರೆ ತಿಳಿಯುತ್ತದೆ.

ಯಾರು ಏನು ಮಾಡಿದರೆಂದು ಪತ್ತೆ ಹಚ್ಚುವುದೇ ಕಷ್ಟ ಎನ್ನುವವರು ಸಾಫ್ಟ್‌ವೇರ್ ಕ್ಷೇತ್ರದವರಾಗಿದ್ದರೆ ಆ ಮಾತು ಅವರ ಬಾಯಲ್ಲಿ ಶೋಭಿಸುವುದಿಲ್ಲ. ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುವ ಲಿನಕ್ಸ್ ಕರ್ನಲ್‌ನಲ್ಲಿ ಒಂದೊಂದು ಬದಲಾವಣೆಯ ಅಡಿಯಲ್ಲೂ ಇಂಥ ಸಾಲುಗಳಿರುತ್ತವೆ:

```
Reported-by:
Co-developed-by:
Tested-by:
Reviewed-by:
Signed-off-by:
```

ದೋಷವನ್ನು ತೋರಿಸಿಕೊಟ್ಟವರು, ಜೊತೆಗೂಡಿ ಬರೆದವರು, ಓಡಿಸಿ ನೋಡಿದವರು, ಓದಿ ಒಪ್ಪಿದವರು, ಹೊಣೆ ಹೊತ್ತವರು. ಒಂದು ಸಾಲಿನ ಕೋಡ್ ಬದಲಾದರೂ ಈ ಲೆಕ್ಕ ಇಡುತ್ತಾರೆ. ಇದರಲ್ಲಿ ನನಗೆ ಬಹಳ ಹಿಡಿಸುವುದು ಮೊದಲ ಸಾಲು. ‘ಇಲ್ಲಿ ಕೆಟ್ಟಿದೆ’ ಎಂದು ಹೇಳಿದವರೂ ಕೊಡುಗೆದಾರರೇ ಎಂದು ಒಪ್ಪಿಕೊಂಡ ಲೆಕ್ಕಪುಸ್ತಕ ಅದು. ನಮ್ಮ ಎಷ್ಟು ಕಚೇರಿಗಳಲ್ಲಿ ಆ ಮಾತು ಹೇಳಿದವರಿಗೆ ತಕರಾರು ಕುಳ ಎಂಬ ಬಿರುದು ಸಿಕ್ಕಿಲ್ಲ?

ಲೆಕ್ಕ ಇದೆಯೆಂದು ಅದನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಒಂದು ಪ್ರಾಜೆಕ್ಟನ್ನು ಕಲ್ಪಿಸಿಕೊಳ್ಳೋಣ: ಜಿಲ್ಲಾ ಆಸ್ಪತ್ರೆಯೊಂದರ ಹೊರರೋಗಿ ವಿಭಾಗಕ್ಕೆ ಟೋಕನ್ ಕೊಡುವ ವ್ಯವಸ್ಥೆ, ಮಾಡಿದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿ, ಇಪ್ಪತ್ತು ಜನ, ಹದಿನಾಲ್ಕು ತಿಂಗಳು. ಪ್ರಾಜೆಕ್ಟ್ ಮ್ಯಾನೇಜರು ನ್ಯಾಯವಾಗಿ ಬರೆಯಬೇಕೆಂದು ಕೂತು `git shortlog -sn --no-merges` ಎಂದು ಟೈಪ್ ಮಾಡುತ್ತಾರೆ. ಯಾರು ಎಷ್ಟು ಕಮಿಟ್ ಮಾಡಿದರೆಂಬ ಪಟ್ಟಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಮೊದಲ ಸ್ಥಾನದಲ್ಲಿರುವ ಹುಡುಗ ಹತ್ತು ನಿಮಿಷಕ್ಕೊಮ್ಮೆ ಕಮಿಟ್ ಮಾಡುವ ಅಭ್ಯಾಸದವನು. ವಾರವೆಲ್ಲ ಯೋಚಿಸಿ ಒಂದೇ ಸಲ ಹಾಕುವ ಹಿರಿಯಳು ಆರನೆಯ ಸ್ಥಾನದಲ್ಲಿದ್ದಾಳೆ. ನಾಲ್ಕು ಜನ ಟೆಸ್ಟರುಗಳು ಪಟ್ಟಿಯಲ್ಲೇ ಇಲ್ಲ, ಏಕೆಂದರೆ ಅವರು ಕೋಡ್ ಬರೆಯುವವರಲ್ಲ. ಆದರೆ ಹಳೆಯ ಫೋನುಗಳಲ್ಲಿ ‘ಸ್ತ್ರೀರೋಗ’ ಎಂಬ ಪದದ ಒತ್ತಕ್ಷರಗಳು ಚೆದುರಿ ಓದಲಾಗದಂತೆ ಕಾಣುತ್ತಿದ್ದುದನ್ನು ಹಿಡಿದದ್ದು ಅವರಲ್ಲೊಬ್ಬಳು. ಡೇಟಾಬೇಸ್ ಸಾಗಿಸಿದವರು ಗುತ್ತಿಗೆಯವರು. ಕೆಲಸ ಮುಗಿದ ದಿನವೇ ಅವರ ಇಮೇಲ್ ಬಂದ್ ಆಯಿತು. ಇಡೀ ವ್ಯವಸ್ಥೆಯ ನಕ್ಷೆ ಹಾಕಿಕೊಟ್ಟವರು ಮೂರು ತಿಂಗಳ ಹಿಂದೆ ಬೇರೆ ಕಂಪನಿ ಸೇರಿದ್ದಾರೆ. ವಯಸ್ಸಾದವರು ಟೋಕನ್ ಸಂಖ್ಯೆಯನ್ನು ಪರದೆಯ ಮೇಲೆ ಓದುವುದಿಲ್ಲ, ಕೂಗಿದರೆ ಮಾತ್ರ ಬರುತ್ತಾರೆ ಎಂದು ಹೇಳಿ ಧ್ವನಿಯ ಸೌಲಭ್ಯ ಸೇರುವಂತೆ ಮಾಡಿದ್ದು ಆಸ್ಪತ್ರೆಯ ನರ್ಸ್. ಅವರು ಕಂಪನಿಯವರೇ ಅಲ್ಲ.

ನೋಡಿ, ಲೆಕ್ಕದಿಂದ ಜಾರಿಹೋಗುವವರು ಯಾದೃಚ್ಛಿಕವಾಗಿ ಜಾರುವುದಿಲ್ಲ. ಟೆಸ್ಟರು, ಗುತ್ತಿಗೆಯವರು, ಬಿಟ್ಟುಹೋದವರು, ಹೊರಗಿನವರು, ಪ್ರತಿಸಲವೂ ಇವರೇ. ಮ್ಯಾನೇಜರ ನೆನಪನ್ನು ನಂಬಿದರೂ ಅದೇ ಕಥೆ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಗಂಡಹೆಂಡಿರನ್ನು ಬೇರೆ ಬೇರೆಯಾಗಿ ಕೂರಿಸಿ ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದಾಗ ಇಬ್ಬರ ಉತ್ತರ ಕೂಡಿಸಿದರೆ ನೂರನ್ನು ಮೀರುತ್ತಿತ್ತು. ಸುಳ್ಳು ಹೇಳಿದ್ದಕ್ಕಲ್ಲ, ತಾನು ಪಾತ್ರೆ ತೊಳೆದದ್ದು ತನಗೆ ನೆನಪಿರುತ್ತದೆ, ಇನ್ನೊಬ್ಬರು ತೊಳೆದದ್ದನ್ನು ನೋಡಿಯೇ ಇರುವುದಿಲ್ಲ. ಆದ್ದರಿಂದ ನೆನಪೂ ಸಾಲದು, ಗಿಟ್ ಪಟ್ಟಿಯೂ ಸಾಲದು. ಲಾಂಚಿಗೆ ಒಂದು ವಾರ ಮುಂಚೆ ತಂಡದ ಪ್ರತಿಯೊಬ್ಬರನ್ನೂ ಕೇಳಬೇಕು: ನಿಮ್ಮ ಕೆಲಸ ಯಾರಿಲ್ಲದಿದ್ದರೆ ನಿಂತುಹೋಗುತ್ತಿತ್ತು? ಇಬ್ಬರ ಹೆಸರು ಹೇಳಿ. ನಿಮ್ಮ ಹೆಸರು ಬೇಡ. ಒತ್ತಕ್ಷರ ಹಿಡಿದವಳೂ ನರ್ಸೂ ಹೊರಬರುವುದು ಈ ಪ್ರಶ್ನೆಗೆ.

ಹೀಗೆ ಕೇಳಿಕೊಂಡು ಬರೆದರೆ ಬರಹ ಈ ರೀತಿ ಇರುತ್ತದೆ: ‘ಜಿಲ್ಲಾ ಆಸ್ಪತ್ರೆಯ ಟೋಕನ್ ವ್ಯವಸ್ಥೆ ಸೋಮವಾರದಿಂದ ನಡೆಯುತ್ತಿದೆ. ಇದರ ನಕ್ಷೆ ಹಾಕಿದವರು ಇಂಥವರು. ಈಗ ಬೇರೆ ಕಡೆ ಇದ್ದಾರೆ, ನಕ್ಷೆ ಮಾತ್ರ ಬದಲಾಗಿಲ್ಲ. ಸರದಿಯ ತರ್ಕ ಬರೆದವರು ಇಂಥವರು. ಹಳೆಯ ಫೋನುಗಳಲ್ಲಿ ಕನ್ನಡ ಒಡೆಯುತ್ತಿದ್ದುದನ್ನು ಹಿಡಿದವರು ಇಂಥವರು, ಸರಿಪಡಿಸಿದವರು ಇಂಥವರು. ದಾಖಲೆಗಳನ್ನು ಒಂದೇ ರಾತ್ರಿಯಲ್ಲಿ ಸಾಗಿಸಿದವರು ಇಂಥವರು. ಟೋಕನನ್ನು ಕೂಗಿ ಹೇಳಬೇಕೆಂಬ ಯೋಚನೆ ಹೊರರೋಗಿ ವಿಭಾಗದ ನರ್ಸ್ ಇಂಥವರದು. ವೇಳಾಪಟ್ಟಿ, ಹಣಕಾಸು ಮತ್ತು ಆಸ್ಪತ್ರೆಯೊಂದಿಗಿನ ಮಾತುಕತೆ ನನ್ನ ಪಾಲಿನ ಕೆಲಸ.’ ಕೊನೆಯ ವಾಕ್ಯವನ್ನು ಬಿಡಬಾರದು. ‘ನನ್ನದೇನೂ ಇಲ್ಲ, ಎಲ್ಲ ತಂಡದ್ದೇ’ ಎಂಬ ವಿನಯ ಓದುಗರನ್ನು ಊಹೆಗೆ ಬಿಡುತ್ತದೆ, ಊಹೆಯಲ್ಲಿ ಮ್ಯಾನೇಜರೇ ಎಲ್ಲವನ್ನೂ ಮಾಡಿರುತ್ತಾರೆ. ತನ್ನ ಪಾಲನ್ನು ನೇರವಾಗಿ ಹೇಳಿಕೊಂಡರೆ ಅದಕ್ಕೊಂದು ಗಡಿ ಬೀಳುತ್ತದೆ.

ಒಬ್ಬರ ಹೆಸರು ಬಿಟ್ಟುಹೋದರೆ ಮನಸ್ತಾಪ ಎಂಬ ಆಕ್ಷೇಪ ಹುಸಿಯಲ್ಲ. ಆದರೆ ಈ ಭಯ ನಮಗೆ ಹೊಸದೇ? ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟದ್ದಕ್ಕೆ ಹತ್ತು ವರ್ಷ ಮಾತು ಬಿಟ್ಟ ಮನೆಗಳಿವೆ. ಹಾಗೆಂದು ‘ವರನ ತಂದೆ ಮತ್ತು ಬಂಧುವರ್ಗ’ ಎಂದಷ್ಟೇ ಅಚ್ಚು ಹಾಕಿಸಿ ಕೈತೊಳೆದುಕೊಳ್ಳುತ್ತೇವೆಯೇ? ಪ್ರೂಫನ್ನು ನಾಲ್ಕು ಮನೆಗೆ ತೋರಿಸುತ್ತೇವೆ, ಆಮೇಲೆ ಪ್ರೆಸ್ಸಿಗೆ ಕೊಡುತ್ತೇವೆ. ಅಭಿನಂದನೆಯ ಕರಡನ್ನೂ ತಂಡಕ್ಕೆ ತೋರಿಸಿದರಾಯಿತು. ಪ್ರಕಟಿಸಿದ ಮೇಲೆ ತಪ್ಪು ಕಂಡರೆ ಲಿಂಕ್ಡ್‌ಇನ್‌ನಲ್ಲಿ ತಿದ್ದಲು ಬರುತ್ತದೆ, ಆ ಅನುಕೂಲ ಲಗ್ನಪತ್ರಿಕೆಗಿಲ್ಲ. ಊರಿನ ಯಾವ ಸಮಾರಂಭವನ್ನಾದರೂ ನೋಡಿ, ವಂದನಾರ್ಪಣೆ ಮಾಡುವವರು ಶಾಮಿಯಾನದವರನ್ನೂ ಮೈಕ್‌ಸೆಟ್ಟಿನವರನ್ನೂ ಅಡುಗೆ ಭಟ್ಟರನ್ನೂ ಹೆಸರು ಹಿಡಿದು ನೆನೆಯುತ್ತಾರೆ. ಸಭಿಕರು ಆಕಳಿಸುತ್ತಾರೆ ನಿಜ. ಮೈಕ್‌ಸೆಟ್ಟಿನವರು ಆಕಳಿಸುವುದಿಲ್ಲ.

ಬಾಯಿಬಿಟ್ಟು ಹೇಳದ ಇನ್ನೊಂದು ಆಕ್ಷೇಪವಿದೆ, ಬಹುಶಃ ಅದೇ ನಿಜವಾದದ್ದು. ಹೆಸರು, ಕೆಲಸ ಎರಡನ್ನೂ ಬಹಿರಂಗವಾಗಿ ಬರೆದರೆ ಬೇರೆ ಕಂಪನಿಯವರು ನೋಡಿ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ. ಆ ತಾಣದಲ್ಲಿ ರಿಕ್ರೂಟರುಗಳು ಇರುವುದೇ ಅದಕ್ಕೆ. ಆದರೆ ಈ ವಾದವನ್ನು ಬಿಚ್ಚಿ ನೋಡಿದರೆ ಅದು ಹೇಳುವುದಿಷ್ಟು: ನಿನ್ನ ಕೆಲಸ ಒಳ್ಳೆಯದು, ಆದ್ದರಿಂದಲೇ ಅದು ನಿನ್ನದೆಂದು ಯಾರಿಗೂ ತಿಳಿಯಬಾರದು. ಈ ಆಟವನ್ನು ವಿಡಿಯೋ ಗೇಮ್ ಕಂಪನಿ ಅಟಾರಿ 1970ರ ದಶಕದಲ್ಲೇ ಆಡಿ ನೋಡಿತು. ಗೇಮ್ ರೂಪಿಸಿದವರ ಹೆಸರನ್ನು ಡಬ್ಬಿಯ ಮೇಲೆ ಹಾಕಲೊಪ್ಪಲಿಲ್ಲ. ಪರಿಣಾಮ ಎರಡು. ವಾರನ್ ರಾಬಿನೆಟ್ ತನ್ನ ‘ಅಡ್ವೆಂಚರ್’ ಗೇಮಿನೊಳಗೆ ಒಂದು ಗುಪ್ತ ಕೋಣೆ ಮಾಡಿ ತನ್ನ ಹೆಸರನ್ನು ಬಚ್ಚಿಟ್ಟ. ಇನ್ನು ನಾಲ್ವರು, ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್, ಕಂಪನಿ ಬಿಟ್ಟು ಹೋದರು. ಅವರು ಸೇರಿ 1979ರಲ್ಲಿ ಹುಟ್ಟಿದ ಆಕ್ಟಿವಿಷನ್ ರೂಪಿಸಿದವರ ಹೆಸರನ್ನು ಡಬ್ಬಿಯ ಮೇಲೇ ಅಚ್ಚು ಹಾಕಿತು. ಜನ ಹೋಗಬಾರದೆಂದು ಹೆಸರು ಮುಚ್ಚಿದರೆ, ಜನ ಹೋಗಲು ಹೆಸರು ಮುಚ್ಚಿದ್ದೂ ಒಂದು ಕಾರಣವಾಯಿತು. ಗ್ರಾಹಕರೊಂದಿಗಿನ ಕರಾರಿನಲ್ಲಿ ಗೋಪ್ಯತೆಯ ಷರತ್ತಿದ್ದರೆ, ಅಥವಾ ಯಾರಾದರೂ ತನ್ನ ಹೆಸರು ಬೇಡವೆಂದರೆ, ಅದು ಬೇರೆ ಮಾತು. ಅದಕ್ಕೇ ಕರಡು ತೋರಿಸಿ ಒಪ್ಪಿಗೆ ಪಡೆಯಬೇಕು.

ಸೋತಾಗಲೂ ಹೀಗೆಯೇ ಹೆಸರು ಹಿಡಿದು ಹೇಳುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ಸೋಲಿನ ಹೊಣೆ ತೀರ್ಮಾನದ ಅಧಿಕಾರ ಇದ್ದವರದು, ಸಂಬಳದ ವ್ಯತ್ಯಾಸ ಇರುವುದೇ ಅದಕ್ಕೆ. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಬಿದ್ದಾಗ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರನ್ನು ಎದುರಿಸಿದರು, ಮರುವರ್ಷ ಅದು ಹಾರಿದಾಗ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು ಎಂಬ, ಕಲಾಂ ಅವರೇ ಹೇಳುತ್ತಿದ್ದ ಪ್ರಸಂಗ ಲಿಂಕ್ಡ್‌ಇನ್‌ನಲ್ಲಿ ಓಡಾಡುವಷ್ಟು ಇನ್ನಾವುದೂ ಓಡಾಡುವುದಿಲ್ಲ. ಅದನ್ನು ಹಂಚಿಕೊಳ್ಳುವವರು ತಮ್ಮ ಲಾಂಚಿನ ದಿನ ‘ನನ್ನ ಅದ್ಭುತ ತಂಡ’ಕ್ಕೇ ಮರಳುವುದು ಒಂದು ಸೋಜಿಗ.

ಹೆಸರಿನ ಹಂಬಲ ನಮ್ಮದಲ್ಲ, ಪಶ್ಚಿಮದ್ದು, ನಮ್ಮ ಪೂರ್ವಿಕರು ಅನಾಮಿಕರಾಗಿಯೇ ದೊಡ್ಡದನ್ನು ಕಟ್ಟಿದರು ಎಂಬ ಕೊನೆಯ ವಾದ ಕೇಳಲು ಸೊಗಸು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಬೇಕು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಹೊಯ್ಸಳ ಸೋಮೇಶ್ವರನ ಅಧಿಕಾರಿ ಬೊಮ್ಮಣ್ಣ ದಂಡನಾಯಕ. ಕಟ್ಟಿಸಿದವನ ಹೆಸರಿದೆ. ಜೊತೆಗೆ ಕೆತ್ತಿದವರ ಹೆಸರೂ ಇದೆ, ಅದೂ ಗೋಡೆಯ ವಿಗ್ರಹಗಳ ಪೀಠದಲ್ಲೇ. ದಕ್ಷಿಣ ಭಾಗದ ಕೆತ್ತನೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿ, ಇಬ್ಬರ ಕೈ, ಯಾವ ಗೋಡೆ ಯಾರದೆಂದು ಇವತ್ತಿಗೂ ತಿಳಿಯುತ್ತದೆ. ನಮ್ಮ ಶಾಸನಗಳಲ್ಲಿ ಬರೆಸಿದವನು ಬೇರೆ, ಬರೆದವನು ಬೇರೆ, ಕಂಡರಿಸಿದವನು ಬೇರೆ ಎಂದು ಬಿಡಿಬಿಡಿಯಾಗಿ ಹೇಳುವ ರೂಢಿಯೇ ಇತ್ತು. ಕಲ್ಲು ಎಳೆದವರ ಹೆಸರಿಲ್ಲ ಎಂಬುದು ನಿಜ, ಅದು ಆ ಲೆಕ್ಕದ ದೊಡ್ಡ ಕೊರತೆಯೂ ಹೌದು. ಆದರೆ ‘ಬೊಮ್ಮಣ್ಣ ದಂಡನಾಯಕ ಮತ್ತು ತಂಡ’ ಎಂದು ಯಾರೂ ಕಡೆದಿಡಲಿಲ್ಲ.

ಎನಿಯಾಕ್‌ನ ಆರು ಜನರಿಗೆ ಅಮೆರಿಕದ ಒಂದು ತಂತ್ರಜ್ಞ ಮಹಿಳೆಯರ ಸಂಘಟನೆ ತನ್ನ ಗೌರವ ಪಟ್ಟಿಯಲ್ಲಿ ಹೆಸರು ಹೆಸರಾಗಿ ಜಾಗ ಕೊಟ್ಟದ್ದು 1997ರಲ್ಲಿ, ಔತಣ ಮುಗಿದು 51 ವರ್ಷದ ಮೇಲೆ. ಅಷ್ಟರಲ್ಲಿ ರುತ್ ಲಿಕ್ಟರ್‌ಮನ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.